ಚನ್ನಪಟ್ಟಣ ದಾಟಿದ ಮೇಲೆ ನಲವತ್ತು ನಿಮಿಷ

ಮೈಸೂರಿನಲ್ಲಿ ಕಳೆದ ಎರಡು ದಿನಗಳ ಬಗ್ಗೆ ಬರೆಯುವಂಥದ್ದು ಹೆಚ್ಚೇನಿಲ್ಲ. ಬೆಂಗಳೂರಿನಿಂದ ಹೊರಟು ಚನ್ನಪಟ್ಟಣ ದಾಟಿದ ಬಳಿಕ ಎಕ್ಸ್‌ಪ್ರೆಸ್‌ವೇಯ ಅಂಚಿನಲ್ಲಿ ಕಳೆದ ನಲವತ್ತು ನಿಮಿಷಗಳೇ ಈ ಪ್ರವಾಸದಲ್ಲಿ ನನಗೆ ಉಳಿದದ್ದು.

ಬಲಭಾಗದ ಹಿಂದಿನ ಟೈರು ಗಾಳಿ ಕಳೆದುಕೊಂಡಾಗ ನಾನು ಮಧ್ಯದ ಲೇನಿನಲ್ಲಿ ಗಂಟೆಗೆ ತೊಂಬತ್ತು ಕಿಲೋಮೀಟರ್ ವೇಗದಲ್ಲಿದ್ದೆ. ಹೇಗೋ ಎಡಕ್ಕೆ ಸರಿದು ರಸ್ತೆಯಂಚಿನ ಖಾಲಿ ಪಟ್ಟಿಯಾದ ಶೋಲ್ಡರಿನಲ್ಲಿ ನಿಲ್ಲಿಸಿ, ಎಚ್ಚರಿಕೆಯ ತ್ರಿಕೋನವನ್ನು ಹತ್ತು ಹೆಜ್ಜೆ ಹಿಂದಿಟ್ಟು, ಅಮ್ಮನನ್ನು ಕಾರಿನಲ್ಲೇ ಕೂರಿಸಿ ಜಾಕ್ ಹುಡುಕತೊಡಗಿದೆ. ಪಕ್ಕದಲ್ಲಿ ಲಾರಿಯೊಂದು ಹಾದುಹೋದ ರಭಸಕ್ಕೆ ಕಾರೇ ಅಲುಗಾಡಿತು. ಗಾಬರಿಯಿಂದ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿದೆ.

ಗಸ್ತು ವಾಹನ ಬಂದೊಡನೆ ಅದರ ಸಿಬ್ಬಂದಿ ನನ್ನತ್ತ ನೋಡದೆ ಎಡಬಾಗಿಲು ತೆರೆದು, "ಅಮ್ಮಾ, ಈ ಕಡೆಯಿಂದ ಇಳೀರಿ, ಬೇಲಿ ಆಚೆ ನಿಂತ್ಕೊಳ್ಳಿ" ಎಂದರು. ನನ್ನ ಕೈಯಿಂದ ಜಾಕ್ ತೆಗೆದುಕೊಂಡು, "ಬಲಗಡೆ ಚಕ್ರಕ್ಕೆ ಇಲ್ಲಿ ನೀವು ಕೂತ್ರೆ ನಿಮ್ಮ ಬೆನ್ನು ಲಾರಿ ಲೇನಿನಲ್ಲಿರುತ್ತೆ ಸಾರ್" ಎಂದರು. ಬಳಿಕ ತಡೆಬೇಲಿಯ ಹೊರಗಿನಿಂದಲೇ ಹಿಂದಕ್ಕೆ ನಡೆದು ತ್ರಿಕೋನವನ್ನು ಸುಮಾರು ನೂರು ಮೀಟರ್ ದೂರದಲ್ಲಿಟ್ಟರು. ಗಂಟೆಗೆ ನೂರು ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ ಇಪ್ಪತ್ತೆಂಟು ಮೀಟರ್ ಕ್ರಮಿಸುತ್ತದೆ. ನನ್ನ ಹತ್ತು ಹೆಜ್ಜೆ ಚಾಲಕನಿಗೆ ಕೊಡುತ್ತಿದ್ದುದು ಕಾಲು ಸೆಕೆಂಡು, ಅವರ ನೂರು ಮೀಟರ್ ಕೊಟ್ಟದ್ದು ಮೂರೂವರೆ ಸೆಕೆಂಡು. ಅವರು ತಮ್ಮ ವಾಹನವನ್ನು ದೀಪ ಮಿನುಗಿಸುತ್ತಾ ಹಿಂದೆ ನಿಲ್ಲಿಸಿ, ಕೋನ್‌ಗಳನ್ನು ಇಟ್ಟ ಮೇಲಷ್ಟೇ ಸ್ಟೆಪ್ನಿ ಹಾಕಲಾಯಿತು.

ಹೊರಡುವಾಗ ಇನ್ನೊಂದು ಪಾಠ ಕಾದಿತ್ತು. ನಾನು ಇಂಡಿಕೇಟರ್ ಹಾಕಿ ನಿಂತಲ್ಲಿಂದಲೇ ಎಡಲೇನಿಗೆ ನುಗ್ಗಲು ಹೊರಟಿದ್ದೆ. ಅವರು ಕೈ ಅಡ್ಡ ಹಿಡಿದು, "ಮುಂದೆ ಖಾಲಿ ಇದೆ ನೋಡಿ, ಶೋಲ್ಡರಲ್ಲೇ ಓಡಿಸಿ, ಸ್ಪೀಡ್ ಬಂದ ಮೇಲೆ ಒಳಗೆ ಹೋಗಿ" ಎಂದರು. ಕಾರು ಗಂಟೆಗೆ ಅರವತ್ತು ಕಿಲೋಮೀಟರ್ ವೇಗಕ್ಕೆ ಬರಲು ಎಂಟು ಸೆಕೆಂಡು ಹಿಡಿದರೆ, ಎಂಬತ್ತರಲ್ಲಿ ಬರುವ ಲಾರಿ ಅಷ್ಟರಲ್ಲಿ ಸುಮಾರು ನೂರೆಪ್ಪತ್ತೆಂಟು ಮೀಟರ್ ಮುಂದೆ ಬಂದಿರುತ್ತದೆ. ಅಪಾಯವಿರುವುದು ವೇಗದಲ್ಲಿ ಮಾತ್ರವಲ್ಲ, ಎರಡು ವಾಹನಗಳ ವೇಗದ ಅಂತರದಲ್ಲಿಯೂ ಇದೆ. 2023ರ ಆಗಸ್ಟ್ 1ರಿಂದ ಈ ಮುಖ್ಯರಸ್ತೆಯಲ್ಲಿ ಬೈಕು, ಆಟೋ, ಟ್ರಾಕ್ಟರುಗಳನ್ನು ನಿಷೇಧಿಸಿದ್ದಕ್ಕೆ ಅಂದು ಗೊಣಗಿದ್ದ ನನಗೆ ಅದರ ತರ್ಕ ಇಲ್ಲಿ ತಿಳಿಯಿತು. ಬಲಬದಿಯ ಲೇನಿನಲ್ಲಿ ಅರವತ್ತರಲ್ಲಿ ತೆವಳುವ ಲಾರಿಗಳನ್ನಂತೂ ನಾನು ಇಂದಿಗೂ ಕ್ಷಮಿಸಲಾರೆ, ಏಕೆಂದರೆ ಅವು ವೇಗವಾಗಿ ಬರುವವರನ್ನು ಎಡದಿಂದ ಹಿಂದಿಕ್ಕುವಂತೆ ಮಾಡಿ ಶೋಲ್ಡರಿನ ಅಂಚಿಗೇ ತಳ್ಳುತ್ತವೆ.

ವಾಪಸು ಬರುವಾಗ ಹೆಂಡತಿಗೆ ಕರೆ ಬಂದು, ಸಿಗ್ನಲ್ ಕಡಿದುಹೋಗುತ್ತಿದ್ದುದರಿಂದ "ಇಲ್ಲೇ ಒಂದು ನಿಮಿಷ ನಿಲ್ಲಿಸಿ" ಎಂದಳು. ನಾನು ನಿಲ್ಲಿಸದೆ ಮುಂದಿನ ನಿರ್ಗಮನದಲ್ಲಿ ಸರ್ವಿಸ್ ರಸ್ತೆಗೆ ಇಳಿದು ಮದ್ದೂರು ತಲುಪಿದೆ. ಅಲ್ಲಿ ಸಿಕ್ಕ ವಡೆ ಆರಿಹೋಗಿತ್ತು.