ಎಲೆ ಫೋಟೊ ಬ್ಯಾಡ, ಬೇರು ತೋರಿಸು

ಮೇ ತಿಂಗಳು. ಕಲಬುರಗಿಯ ಬಿಸಿಲು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಮ್ಮ ಹಾಲಿನ ಮೂಲೆಯಲ್ಲಿ ಕೂಲರ್ ಪಕ್ಕ ಒಂದು ಮನಿ ಪ್ಲಾಂಟ್ ಇದೆ. ಮೂರು ವರ್ಷದ ಗಿಡ, ಕಿಟಕಿಯ ಸರಳು ಹಿಡಿದು ಮೇಲೆ ಹೋಗಿತ್ತು. ಅದರ ಎಲೆಗಳು ಒಂದು ವಾರದಿಂದ ಜೋತು ಬಿದ್ದಿದ್ದವು. ಬುಡದ ನಾಲ್ಕೈದು ಎಲೆ ಹಳದಿಯಾಗಿದ್ದವು. ಬಾಯಾರಿಕೆ ಅಂದುಕೊಂಡು ದಿನಕ್ಕೆ ಎರಡು ಸಲ ನೀರು ಹಾಕಿದೆ. ಹಾಕಿದಷ್ಟೂ ಅದು ಇನ್ನೂ ಸೊರಗುತ್ತಾ ಹೋಯಿತು.

ಕಾಕಾನ ಮಗಳು ಬೀದರಿನ ತೋಟಗಾರಿಕೆ ಕಾಲೇಜಿನಲ್ಲಿ ಓದಿದವಳು, ಈಗ ಅಲ್ಲೇ ನರ್ಸರಿ ನಡೆಸುತ್ತಾಳೆ. ಅವಳಿಗೆ ಎಲೆಗಳ ನಾಲ್ಕು ಫೋಟೊ ಕಳಿಸಿದೆ. ಫೋನ್ ಮಾಡಿದಳು.

"ಅಕ್ಕಾ, ಎಲಿ ನೋಡಿ ನಾ ಏನ್ ಹೇಳ್ಲಿ? ನೀರಿಲ್ಲದೆ ಒಣಗಿದ್ರೂ ಹಿಂಗೇ ಜೋತು ಬೀಳ್ತದ, ನೀರು ಜಾಸ್ತಿ ಆಗಿ ಬೇರು ಕೊಳೆತ್ರೂ ಹಿಂಗೇ. ಮಣ್ಣು ಹಸಿ ಅದನೋ ಒಣಗ್ಯದನೋ?"

ಬೆರಳು ಚುಚ್ಚಿ ನೋಡಿದೆ. ಎರಡನೇ ಗೆಣ್ಣಿನವರೆಗೂ ಹಸಿ. ಬೆರಳಿಗೆ ಕರಿ ಮಣ್ಣು ಅಂಟಿಕೊಂಡಿತು.

"ಮಣ್ಣು ಹಸಿ ಇದ್ದೂ ಎಲಿ ಬಾಡ್ತದ ಅಂದ್ರ ಕುಡಿಯೋ ಬಾಯೇ ಹೋಗ್ಯದ. ಕಿತ್ತು ಬೇರಿಂದು ಫೋಟೊ ಕಳಿಸು."

ರಾತ್ರಿ ಊಟ ಮುಗಿಸಿ ಕುಂಡವನ್ನು ಅಡ್ಡ ಮಲಗಿಸಿ, ಪಕ್ಕಕ್ಕೆ ತಟ್ಟಿ ಗಿಡ ಹೊರಗೆ ತೆಗೆದೆ. ಮಣ್ಣು ಕುಂಡದ ಆಕಾರದಲ್ಲೇ ಮುದ್ದೆಯಾಗಿ ಬಂತು. ಬಲ್ಬಿನ ಹಳದಿ ಬೆಳಕಿನಲ್ಲೇ ಫೋಟೊ ಹೊಡೆದೆ. ನೋಡಿದರೆ ಎಲ್ಲಾ ಬೇರೂ ಕಂದು! ಹೋಯ್ತು, ಬಿಸಾಕಬೇಕು ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಅವಳು ಮಾತ್ರ ಒಪ್ಪಲಿಲ್ಲ. ಹಳದಿ ಬಲ್ಬಿನ ಕೆಳಗೆ ಬಿಳಿ ಬೇರೂ ಕಂದಾಗಿ ಕಾಣುತ್ತದೆ, ಅದರ ಮೇಲೆ ಎರೆ ಮಣ್ಣಿನ ಬಣ್ಣ ಬೇರೆ ಹತ್ತಿರುತ್ತದೆ ಅಂದಳು. ಬೇರಿಗೆ ಹಸಿ ಬಟ್ಟೆ ಸುತ್ತಿಡು, ಬೆಳಿಗ್ಗೆ ತೊಳೆದು ಕಳಿಸು ಅಂದಳು.

ಮರುದಿನ ಬೇರಿನ ಮುದ್ದೆಯನ್ನು ಬಕೆಟ್ ನೀರಿನಲ್ಲಿ ಹತ್ತು ನಿಮಿಷ ನೆನೆಹಾಕಿದೆ. ಎಳೆಯದೆ, ತಿಕ್ಕದೆ, ನೀರಲ್ಲೇ ಅಲ್ಲಾಡಿಸಿ ಮಣ್ಣು ಬಿಡಿಸಿದೆ. ಇಲ್ಲೇ ಒಂದು ತಪ್ಪಾಗಬಹುದಿತ್ತು. ನಲ್ಲಿಯನ್ನು ಜೋರಾಗಿ ಬಿಟ್ಟರೆ ಕೊಳೆತ ಬೇರು ತಾನಾಗೇ ಕಳಚಿ ಹೋಗುತ್ತದೆ. ಉಳಿದದ್ದಷ್ಟೇ ಫೋಟೊದಲ್ಲಿ ಕಂಡು, ಗಿಡ ಚೆನ್ನಾಗೇ ಇದೆ ಅನಿಸುತ್ತದೆ. ತೊಳೆದ ಮೇಲೆ ಬೇರಿಗೆ ಬಟ್ಟೆ ಒತ್ತಿ ನೀರು ತೆಗೆದೆ, ಯಾಕಂದರೆ ಒದ್ದೆ ಬೇರು ಬೆಳಕಿಗೆ ಮಿಂಚಿ ಬೆಳ್ಳಗೆ ಕಾಣುತ್ತದಂತೆ. ನಮ್ಮವರ ಹಳೆಯ ಬಿಳಿ ಧೋತರವನ್ನು ಅಂಗಳದ ನೆರಳಲ್ಲಿ ಹಾಸಿ, ಬೇರುಗಳನ್ನು ಒಂದೊಂದಾಗಿ ಬಿಡಿಸಿಟ್ಟೆ. ಧೋತರದ ಬಿಳುಪು ಪಕ್ಕದಲ್ಲೇ ಇದ್ದರೆ ಫೋಟೊ ನೋಡುವವರಿಗೆ ಬೇರಿನ ಬಣ್ಣ ಅಳೆಯಲು ಸುಲಭ.

ಈ ಫೋಟೊ ಬೇರೆಯದೇ ಕಥೆ ಹೇಳಿತು. ದಪ್ಪ ಬೇರು 14 ಇದ್ದವು. ಕೆಲವು ಕೆನೆ ಬಣ್ಣದವು, ತುದಿ ಬೆಳ್ಳಗೆ, ಮೂಲಂಗಿಯ ಸಣ್ಣ ಬೇರಿನ ಹಾಗೆ. ಕೆಲವು ಕಡು ಕಂದು, ನೆನೆದ ಹುಣಸೆಹಣ್ಣಿನ ಹಾಗೆ. ನಡುವೆ ಮೂರು ಮಾತ್ರ ತಿಳಿ ಕಂದು. ಅವು ಸತ್ತಿವೆಯೋ ಬದುಕಿವೆಯೋ ಗೊತ್ತಾಗಲಿಲ್ಲ.

"ಆ ಮೂರೇ ನೋಡೋದದ," ಅಂದಳು. "ಬರೇ ಬಣ್ಣ ನಂಬಬ್ಯಾಡ. ಹಳೇ ಬೇರು ತಾನಾಗೇ ಕಂದಾಗ್ತದ. ಎರಡು ಬೆರಳಾಗ ಹಿಡ್ದು ಮೆಲ್ಲಗ ಎಳಿ, ವಿಡಿಯೊ ಕಳಿಸು."

ಮೊದಲು ಕಡು ಕಂದಿನ ಒಂದು ಬೇರನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಎಳೆದೆ. ಹೊರಗಿನ ಸಿಪ್ಪೆ ಕಾಲುಚೀಲ ಕಳಚಿದ ಹಾಗೆ ಬೆರಳಲ್ಲೇ ಬಂತು. ಒಳಗಿನ ನಡುನಾರು ಮಾತ್ರ ತೆಳ್ಳಗೆ, ಇಲಿ ಬಾಲದ ಹಾಗೆ, ಗಿಡದಲ್ಲೇ ಉಳಿಯಿತು. ಬೆರಳು ಮೂಸಿದರೆ ಚರಂಡಿ ವಾಸನೆ. ಆಮೇಲೆ ಬಿಳಿ ಬೇರು ಎಳೆದೆ. ಅದು ಗಟ್ಟಿ, ಸಿಪ್ಪೆ ಜಾರಲಿಲ್ಲ, ಬರೀ ಹಸಿ ಮಣ್ಣಿನ ವಾಸನೆ. ತಿಳಿ ಕಂದಿನ ಮೂರರಲ್ಲಿ ಎರಡು ಗಟ್ಟಿ ಇದ್ದವು. ಉಗುರಿನಿಂದ ಗೀರಿದರೆ ಒಳಗೆ ಬೆಳ್ಳಗೆ. ಮೂರನೆಯದು ಒತ್ತಿದರೆ ನೀರು ಕಾರಿತು. ಲೆಕ್ಕ ಹಾಕಿದರೆ 5 ಬೇರು ಬದುಕಿದ್ದವು, 9 ಹೋಗಿದ್ದವು. ರಾತ್ರಿ ಬಿಸಾಕಿದ್ದರೆ ಆ ಐದೂ ಕಸದ ಗಾಡಿಗೆ ಹೋಗುತ್ತಿದ್ದವು.

ಬೇರು ಕೊಳೆಸಿದ್ದು ಯಾವ ರೋಗಾಣು ಅಂತ ಕೇಳಿದೆ. ಪಿಥಿಯಂ ಇರಬಹುದು, ಫೈಟಾಪ್ಥೊರಾ ಇರಬಹುದು, ಸುಮ್ನೆ ಗಾಳಿ ಸಿಗದೆ ಬೇರು ಸತ್ತು ಆಮೇಲೆ ಕೊಳೆತಿರಲೂಬಹುದು. ಫೋಟೊ ನೋಡಿ ಹೆಸರು ಹೇಳುವವರನ್ನು ನಂಬಬೇಡ, ಅದಕ್ಕೆ ಲ್ಯಾಬ್ ಬೇಕು ಅಂದಳು. ನನಗೆ ಆ ಮಾತು ಹಿಡಿಸಿತು.

ಅಷ್ಟರಲ್ಲಿ ಅತ್ತೆ ಬಂದು ನಿಂತು, "ನೆಟೆ ಬಂದದೇನು? ಕಾಂಡ ಸೀಳಿ ನೋಡು" ಅಂದರು. ಹೊಲದಲ್ಲಿ ತೊಗರಿ ನೋಡಿ ಬೆಳೆದವರು. ಗಿಡವನ್ನು ನಿಂತಲ್ಲೇ ಬಾಡಿಸುವ ನೆಟೆ ರೋಗ ಬಂದ ತೊಗರಿಯ ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. ನಮ್ಮ ಬಳ್ಳಿಯನ್ನು ಬುಡದ ಹತ್ತಿರ ಸ್ವಲ್ಪವೇ ಸೀಳಿ ನೋಡಿದೆ. ಒಳಗೆ ಹಸಿರು ಬಿಳುಪು, ಗೆರೆ ಇಲ್ಲ. ಕೊಳೆ ಇನ್ನೂ ಕಾಂಡಕ್ಕೆ ಏರಿರಲಿಲ್ಲ. ಆ ಸೀಳಿದ ಜಾಗದ ಫೋಟೊವನ್ನೂ ಕಳಿಸಿದೆ, ತಂಗಿ ಅದನ್ನು ನೋಡಿಯೇ ಗಿಡ ಉಳಿಸಬಹುದು ಅಂದದ್ದು.

ಕಾರಣ ಹುಡುಕಿದಾಗ ಸ್ವಲ್ಪ ನಗು ಬಂತು. ಕುಂಡದ ತೂತನ್ನು ಎರೆ ಮಣ್ಣು ಕಟ್ಟಿಬಿಟ್ಟಿತ್ತು. ಕೂಲರಿನ ತಂಪಿನಲ್ಲಿ ಮಣ್ಣು ಒಣಗುವುದೇ ಇಲ್ಲ. ಹೊರಗೆ ಬೆಂಕಿ ಬಿಸಿಲು ಅಂತ ನಾನು ನೀರು ಹಾಕುತ್ತಿದ್ದೆ, ಗಿಡ ಇದ್ದದ್ದು ಮಲೆನಾಡಿನಂಥ ಮೂಲೆಯಲ್ಲಿ. ಇಷ್ಟು ಸಾಲದು ಅಂತ ರಾತ್ರಿ ಕೂಲರಿನಲ್ಲಿ ಉಳಿದ ನೀರನ್ನು ಅತ್ತೆ ಅದಕ್ಕೇ ಸುರಿಯುತ್ತಿದ್ದರಂತೆ. "ನೀರು ಯಾಕ ಹಾಳು ಮಾಡಬೇಕು?" ಅಂದರು. ಅದೂ ಖರೆ.

ಹೊಸ ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ಕೊಳೆತ ಒಂಬತ್ತನ್ನೂ ಕತ್ತರಿಸಿದೆ. ಕತ್ತರಿಸಿದ ಜಾಗದಲ್ಲಿ ಕಂದು ಚುಕ್ಕೆ ಕಂಡರೆ ಇನ್ನೊಂದಿಷ್ಟು ಮೇಲಕ್ಕೆ, ಪೂರ್ತಿ ಬಿಳುಪು ಬರುವವರೆಗೆ. ಪ್ರತಿ ಸಲವೂ ಬ್ಲೇಡ್ ಒರೆಸಬೇಕು. ಐದು ಬೇರು ಅಷ್ಟೊಂದು ಎಲೆ ಸಾಕಲಾರವು ಅಂತ ಬಳ್ಳಿಯನ್ನು ಅರ್ಧಕ್ಕೆ ಇಳಿಸಿದೆ. ಇಳಿಸಿದ ತುಂಡುಗಳಲ್ಲಿ ಗೆಣ್ಣು ಇದ್ದ ಮೂರನ್ನು ಬಾಟಲಿ ನೀರಿನಲ್ಲಿಟ್ಟೆ, ಒಂದು ವೇಳೆ ದೊಡ್ಡದು ಉಳಿಯದಿದ್ದರೆ ಇರಲಿ ಅಂತ. ಹತ್ತು ಇಂಚಿನ ಪ್ಲಾಸ್ಟಿಕ್ ಕುಂಡ ಬಿಟ್ಟು ಆರು ಇಂಚಿನ ಮಣ್ಣಿನ ಕುಂಡ ತಂದೆ. ಬೇರು ಕಡಿಮೆ ಇರುವಾಗ ಮಣ್ಣು ಜಾಸ್ತಿ ಇದ್ದರೆ ಆ ಮಣ್ಣಿನ ನೀರು ಕುಡಿಯುವವರು ಯಾರೂ ಇರುವುದಿಲ್ಲ. ಕೆಂಪು ಮಣ್ಣು, ದಪ್ಪ ಮರಳು, ಹಳೆಯ ಗೊಬ್ಬರ ಸಮಸಮ ಕಲಸಿ ನೆಟ್ಟು, ಒಮ್ಮೆ ನೀರು ಹಾಕಿ, ಕೂಲರಿನಿಂದ ದೂರ ಇಟ್ಟೆ. ಆಮೇಲೆ ಬೆರಳಿನ ಒಂದು ಗೆಣ್ಣಿನಷ್ಟು ಮಣ್ಣು ಒಣಗಿದರೆ ಮಾತ್ರ ನೀರು.

ಹದಿನೈದು ದಿನ ಏನೂ ಆಗಲಿಲ್ಲ. ಇನ್ನೆರಡು ಎಲೆ ಉದುರಿದವು. ಕಿತ್ತು ನೋಡಲು ಕೈ ತುರಿಸುತ್ತಿತ್ತು. ಬಾಟಲಿಯ ತುಂಡುಗಳಲ್ಲಿ ಆಗಲೇ ಅರ್ಧ ಇಂಚು ಬಿಳಿ ಬೇರು ಬಂದಿತ್ತು, ಅದನ್ನೇ ನೋಡಿ ಸಮಾಧಾನ ಮಾಡಿಕೊಂಡೆ. 24ನೇ ದಿನ ಕುಂಡದ ಬಳ್ಳಿಯ ಗೆಣ್ಣಿನಲ್ಲಿ ಸುರುಳಿ ಸುತ್ತಿದ ಒಂದು ಎಲೆ ಕಂಡಿತು, ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು. ಫೋಟೊ ಹೊಡೆದು ಬೀದರಿಗೆ ಕಳಿಸಿದೆ. ಈ ಸಲ ಎಲೆಯ ಫೋಟೊಕ್ಕೆ ಅವಳು ಬೈಯಲಿಲ್ಲ.

ಕೂಲರಿನ ನೀರನ್ನು ಅತ್ತೆ ಈಗ ಅಂಗಳದ ಬೇವಿನ ಬುಡಕ್ಕೆ ಹಾಕುತ್ತಾರೆ.