ಮೀನಿನ ತೊಟ್ಟಿಯಲ್ಲಿ ಶೀಟ್ ಪೈಲ್: ಮೂರು ಭಾನುವಾರದ ಲೆಕ್ಕ

ಮನೆಯಲ್ಲಿ ಹಳೇ ಮೀನಿನ ತೊಟ್ಟಿ ಒಂದು ಖಾಲಿ ಬಿದ್ದಿತ್ತು. 60 ಸೆಂ.ಮೀ. ಉದ್ದ, 30 ಅಗಲ, 45 ಎತ್ತರ. ಅದರಲ್ಲಿ ಕ್ಯಾಂಟಿಲಿವರ್ ಶೀಟ್ ಪೈಲ್ ಗೋಡೆಯ ಮಾಡೆಲ್ ಮಾಡಬೇಕು ಅಂತ ಬಹಳ ದಿನದಿಂದ ಆಸೆ. ಆಧಾರಕ್ಕೆ ಕಂಬಿ ಇಲ್ಲ, ಮೇಲೆ ಎಳೆದು ಕಟ್ಟಿದ ರಾಡ್ ಇಲ್ಲ. ನೆಲದೊಳಗೆ ಹೂತಿರುವ ಭಾಗದ ಬಲದಲ್ಲೇ ನಿಲ್ಲುವ ತಗಡಿನ ಗೋಡೆ. ಎಷ್ಟು ಆಳ ಹೂಳಿದರೆ ನಿಲ್ಲುತ್ತೆ? ಪರೀಕ್ಷೆಗೆ ಓದಿದಾಗ ಲೆಕ್ಕ ಹಾಕಿದ್ದೆ. ಬೀಳುವುದನ್ನು ಕಣ್ಣಾರೆ ನೋಡಿರಲಿಲ್ಲ.

ತಗಡು ಪಿ.ಬಿ. ರೋಡ್ ಹತ್ತಿರದ ವೆಲ್ಡಿಂಗ್ ಅಂಗಡಿಯಿಂದ ತಂದೆ. 1.2 ಮಿ.ಮೀ. ದಪ್ಪದ ಜಿ.ಐ. ಶೀಟು, 36 ಸೆಂ.ಮೀ. ಎತ್ತರ, ಅಗಲ 30ಕ್ಕಿಂತ ಎರಡು ಮಿಲಿಮೀಟರ್ ಕಡಿಮೆ. "ಕೂಲರ್‌ಗಾ ಸಾರ್?" ಅಂದರು ಅಂಗಡಿಯ ಅಣ್ಣ. ಮರಳಿಗೆ ಅಂದೆ. ಮತ್ತೆ ಏನೂ ಕೇಳಲಿಲ್ಲ. ಅಂಚಿಗೆ ತೆಳ್ಳಗಿನ ಫೋಮ್ ಪಟ್ಟಿ ಅಂಟಿಸಿದೆ, ಮರಳು ಸಂದಿನಿಂದ ಸೋರಬಾರದು ಅಂತ.

ತೊಟ್ಟಿಯೊಳಗೆ ತಗಡು ನಡುಮಧ್ಯ ಇಟ್ಟಿಲ್ಲ. ಹಿಂದೆ 25 ಸೆಂ.ಮೀ., ಮುಂದೆ 35. ಬೀಳುವಾಗ ಹಿಂದಿನ ಮರಳು ಕಡಿದಾಗಿ ಜಾರುತ್ತೆ, ಅದಕ್ಕೆ 20 ಸೆಂ.ಮೀ. ಜಾಗ ಸಾಕು. ಮುಂದಿನದು ಮಲಗಿದ ಹಾಗೆ ಚಪ್ಪಟೆಯಾಗಿ ಮೇಲೇಳುತ್ತೆ, 15 ಸೆಂ.ಮೀ. ಆಳಕ್ಕೇ ಮುಂದೆ 28 ಸೆಂ.ಮೀ. ಬೇಕು. ಜಾಗ ಸಾಲದಿದ್ದರೆ ಗಾಜೇ ಮರಳನ್ನು ತಡೆಯುತ್ತೆ, ಪರೀಕ್ಷೆ ಸುಳ್ಳಾಗುತ್ತೆ.

ಮರಳು ಹರಿಹರದ ಕಡೆಯ ಹೊಳೆ ಮರಳು, ಮನೆ ಕಟ್ಟಿದಾಗ ಉಳಿದದ್ದು. ಇಲ್ಲೇ ಮೊದಲ ಎಡವಟ್ಟು. ರಾಶಿಯ ಒಳಗೆ ತೇವ ಇತ್ತು, ನಾನು ಗಮನಿಸಲಿಲ್ಲ. ತುಂಬಿದೆ, ಮುಂದೆ ತೋಡಿದೆ, 28 ಸೆಂ.ಮೀ. ತೋಡಿದರೂ ಗೋಡೆ ಅಲುಗಲಿಲ್ಲ. ಅನುಮಾನ ಬಂದು ತಗಡನ್ನೇ ಮೆಲ್ಲಗೆ ಎಳೆದು ತೆಗೆದೆ. ಮರಳು ತಾನೇ ನೆಟ್ಟಗೆ ನಿಂತಿತ್ತು! ತೇವದ ಮರಳಿನ ಕಣಗಳನ್ನು ನೀರಿನ ಪೊರೆ ಹಿಡಿದಿಟ್ಟುಕೊಳ್ಳುತ್ತೆ. ಸಮುದ್ರ ತೀರದಲ್ಲಿ ಮಕ್ಕಳು ಕಟ್ಟುವ ಗೂಡಿನ ಕಥೆಯೇ. ಒಂದು ಕ್ವಿಂಟಲ್‌ಗೂ ಜಾಸ್ತಿ ಮರಳನ್ನು ಬಕೆಟ್‌ನಲ್ಲಿ ಟೆರೇಸಿಗೆ ಹೊತ್ತು ಒಣಗಿಸಿದೆ. ದಾವಣಗೆರೆ ಬಿಸಿಲು ಅಷ್ಟಾದರೂ ಉಪಯೋಗಕ್ಕೆ ಬಂತು.

ಮೊದಲ ಭಾನುವಾರ

ಒಣ ಮರಳನ್ನು ಒಂದೇ ಕಡೆ ಮೆಲ್ಲಗೆ ಸುರಿದು ರಾಶಿ ಮಾಡಿದೆ. ಎತ್ತರ 8 ಸೆಂ.ಮೀ., ಬುಡದ ಅಡ್ಡಗಲ 24. 8 ಭಾಗಿಸು 12 ಅಂದರೆ ಇಳಿಜಾರು ಸುಮಾರು 34 ಡಿಗ್ರಿ. ಸಡಿಲ ಮರಳಿಗೆ ಇದನ್ನೇ ಘರ್ಷಣ ಕೋನ ಅಂತ ಹಿಡಿದೆ.

ಮುಂದಿನದು ರ‍್ಯಾಂಕಿನ್ 1857ರಲ್ಲಿ ಕೊಟ್ಟ ಲೆಕ್ಕ. ಗೋಡೆ ಮುಂದಕ್ಕೆ ಸ್ವಲ್ಪ ವಾಲಿದರೆ ಹಿಂದಿನ ಮರಳು ತಳ್ಳುವ ಒತ್ತಡ ಅದರ ಕನಿಷ್ಠ ಮಟ್ಟಕ್ಕೆ ಇಳಿಯುತ್ತೆ. ಇದು ಆಕ್ಟಿವ್. ಮುಂದಿನ ಮರಳು ಅದುಮಿಕೊಂಡು ತಡೆಯುವ ಒತ್ತಡ ಗರಿಷ್ಠಕ್ಕೆ ಏರುತ್ತೆ. ಇದು ಪ್ಯಾಸಿವ್. ಎರಡೂ ಆಳದ ಜೊತೆ ನೇರವಾಗಿ ಹೆಚ್ಚುತ್ತವೆ, ಹಾಗಾಗಿ ಚಿತ್ರದಲ್ಲಿ ಎರಡೂ ತ್ರಿಕೋನ. 34 ಡಿಗ್ರಿಗೆ ಆಕ್ಟಿವ್ ಗುಣಾಂಕ Ka = 0.283, ಪ್ಯಾಸಿವ್ ಗುಣಾಂಕ Kp = 3.54. ಒಂದೇ ಆಳದಲ್ಲಿ ತಡೆಯುವ ಶಕ್ತಿ ತಳ್ಳುವುದರ ಹನ್ನೆರಡೂವರೆ ಪಟ್ಟು.

ಹಿಂದಿನ ತ್ರಿಕೋನವನ್ನು ಮೇಲಿನಿಂದ ಗುಂಡಿಯ ಮಟ್ಟದವರೆಗೆ ಹಾಕಿದೆ. ಮುಂದಿನದನ್ನು ಗುಂಡಿಯ ಮಟ್ಟದಿಂದ ತಗಡಿನ ತುದಿವರೆಗೆ. ತುದಿಯ ಸುತ್ತ ಮೊಮೆಂಟ್, ಅಂದರೆ ಬಲಗಳು ಗೋಡೆಯನ್ನು ತಿರುಗಿಸುವ ಪರಿಣಾಮ, ಸಮ ಮಾಡಿದಾಗ ಹೂಳಬೇಕಾದ ಆಳ ಗುಂಡಿ ಎತ್ತರದ 0.61 ಪಟ್ಟು ಬಂತು. ನನ್ನ ತಗಡು ಒಟ್ಟು 36. ಅಂದರೆ ಗುಂಡಿ 22.4 ಸೆಂ.ಮೀ. ಆದಾಗ ಬೀಳಬೇಕು.

ಎರಡೂ ಕಡೆ ಸಮನಾಗಿ ತುಂಬಿ, ಮುಂದಿನ ಮರಳನ್ನು ಸೌಟಿನಿಂದ ಒಂದೊಂದೇ ಸೆಂಟಿಮೀಟರ್ ತೆಗೆಯುತ್ತಾ ಹೋದೆ. 22.5ಕ್ಕೆ ಬಿತ್ತು.

ಕುಣಿದಾಡುವುದೊಂದು ಬಾಕಿ. ಒಂದು ಮಿಲಿಮೀಟರ್ ವ್ಯತ್ಯಾಸ! ಅವತ್ತು ರಾತ್ರಿ ನೋಟ್‌ಬುಕ್‌ನಲ್ಲಿ ಕೆಂಪಿನಲ್ಲಿ ಗೆರೆ ಎಳೆದು ಬರೆದಿಟ್ಟೆ. ಅದೇ ಪುಟದ ಮೇಲೆ ಈಗ ದೊಡ್ಡ ಕಾಟು ಇದೆ.

ಎರಡನೇ ಭಾನುವಾರ

ತ್ರಿಕೋನಗಳನ್ನು ಮಾರ್ಕರ್‌ನಲ್ಲಿ ಗಾಜಿನ ಮೇಲೇ ಬರೆದಿದ್ದೆ. ಹತ್ತನೇ ಕ್ಲಾಸಿನ ಮಗಳು ಬಂದು ನೋಡಿದಳು. ಸ್ವಲ್ಪ ಹೊತ್ತಾದ ಮೇಲೆ, "ಅಪ್ಪಾ, ಗುಂಡಿ ತೋಡಿರೋದು ಈ ಕಡೆ ಅಲ್ವಾ? ಆ ಕಡೆ ಮಣ್ಣು ಯಾಕೆ ಇಲ್ಲಿಗೇ ತಳ್ಳೋದು ನಿಲ್ಲಿಸುತ್ತೆ?" ಅಂದಳು.

ನಿಲ್ಲಿಸುವುದಿಲ್ಲ. ಹಿಂದೆ ಮರಳು ತುದಿವರೆಗೂ ಇದೆ, ತುದಿವರೆಗೂ ತಳ್ಳುತ್ತೆ. ಹಿಂದಿನ ತ್ರಿಕೋನದ ಎತ್ತರ ಗುಂಡಿ ಎತ್ತರ H ಅಷ್ಟೇ ಅಲ್ಲ, ಹೂತ ಆಳ D ಕೂಡಿಸಿ ಪೂರ್ತಿ H+D. ಸರಿ ಮಾಡಿದರೆ ಸಮೀಕರಣ ಇನ್ನೂ ಚಿಕ್ಕದು:

```
Ka (H+D)^3 = Kp D^3
```

ಮರಳಿನ ತೂಕ ಎರಡೂ ಕಡೆಯಿಂದ ಹೊಡೆದು ಹೋಯಿತು, ನೋಡಿ. ಅದಕ್ಕೇ ಮೀನಿನ ತೊಟ್ಟಿಯಲ್ಲಿ ಆಟ ಆಡಿದರೂ ಅನುಪಾತಕ್ಕೆ ಅರ್ಥ ಇದೆ. 12.5ರ ಘನಮೂಲ 2.32, ಅದರಿಂದ ಒಂದು ಕಳೆದರೆ 1.32, ಹಾಗಾಗಿ D ಅಂದರೆ H ಭಾಗಿಸು 1.32, ಅಂದರೆ 0.76 ಪಟ್ಟು. 20 ಸೆಂ.ಮೀ. ಗುಂಡಿಗೆ ಹೂಳಬೇಕಾದ್ದು 15, ನನ್ನ ತಪ್ಪು ಲೆಕ್ಕದ ಹಾಗೆ 12 ಅಲ್ಲ.

ಇದೂ ಪೂರ್ತಿ ನಿಜ ಅಲ್ಲ. ತುದಿಯ ಸುತ್ತ ಮೊಮೆಂಟ್ ಸಮ ಆದರೂ ಅಡ್ಡ ಬಲ ಸಮ ಆಗುವುದಿಲ್ಲ, ತಡೆಯುವ ಬಲವೇ ಜಾಸ್ತಿ. ಅದನ್ನು ಸರಿದೂಗಿಸಲು ತುದಿಯಲ್ಲಿ ಹಿಂದಿನಿಂದ ಮುಂದಕ್ಕೆ ಒಂದು ಬಲ ಬೇಕು. ಗೋಡೆ ನೆಲದೊಳಗೆ ಒಂದು ಬಿಂದುವಿನ ಸುತ್ತ ತಿರುಗುತ್ತೆ. ಮೇಲಿನದು ಮುಂದೆ ವಾಲಿದರೆ ಕೆಳಗಿನ ತುದಿ ಹಿಂದಕ್ಕೆ ಒದೆಯುತ್ತೆ, ಅಲ್ಲಿ ಹಿಂದಿನ ಮರಳು ಪ್ಯಾಸಿವ್ ಆಗಿ ತಡೆಯುತ್ತೆ. ಸರಳ ವಿಧಾನ ಆ ಬಲವನ್ನು ತುದಿಯಲ್ಲಿ ಒಂದು ಚುಕ್ಕಿಯಾಗಿ ಇಟ್ಟುಬಿಡುತ್ತೆ. ಚುಕ್ಕಿಯಲ್ಲಿ ಬಲ ಹುಟ್ಟಲ್ಲ, ಅದಕ್ಕೆ ಸ್ವಲ್ಪ ಉದ್ದ ಬೇಕು. ಬಂದ ಆಳಕ್ಕೆ 20 ಶೇಕಡಾ ಸೇರಿಸಿ ಅಂತ ಪುಸ್ತಕಗಳು ಹೇಳುವುದು ಇದಕ್ಕೇ. ಅದನ್ನು ಸುರಕ್ಷತೆಯ ಅಂಶ ಅಂದುಕೊಂಡವರು ಬಹಳ ಜನ, ನಾನೂ ಅಂದುಕೊಂಡಿದ್ದೆ. ಚಿತ್ರದ ಅಡಿಯ ತ್ರಿಕೋನವನ್ನೂ ಹಾಕಿ, ನಾಲ್ಕನೇ ಘಾತದ ಸಮೀಕರಣ ಬಿಡಿಸಿದರೆ 0.82 ಪಟ್ಟು ಬರುತ್ತೆ. 0.76ಕ್ಕೆ 20 ಶೇಕಡಾ ಸೇರಿಸಿದರೆ 0.91. ನಡುವಿನ ಅಂತರ ಮಾತ್ರ ಉಳಿಕೆ, ದೊಡ್ಡದೇನಲ್ಲ.

ಹಾಗಾದರೆ 36ರ ತಗಡು 19.8ಕ್ಕೇ ಬೀಳಬೇಕಿತ್ತು. 22.5ರವರೆಗೆ ಹೇಗೆ ನಿಂತಿತ್ತು? ತಪ್ಪು ಲೆಕ್ಕ ಹೇಗೆ ತಾಳೆಯಾಯಿತು?

ಗಾಜು. ಮರಳು ಜಾರುವಾಗ ಎರಡೂ ಬದಿ ಗಾಜಿಗೆ ಉಜ್ಜುತ್ತೆ. 30 ಸೆಂ.ಮೀ. ಅಗಲದ ತೊಟ್ಟಿಯಲ್ಲಿ ಆ ಉಜ್ಜಾಟ ಸಣ್ಣದಲ್ಲ. ಜೊತೆಗೆ ನಾನು ತುಂಬುವಾಗ ತೊಟ್ಟಿ ತಟ್ಟಿ ಮರಳು ಗಟ್ಟಿ ಮಾಡಿದ್ದೆ, ಕೋನ ಅಳೆದದ್ದು ಸಡಿಲ ರಾಶಿಯಲ್ಲಿ. ಎರಡು ಸಹಾಯ, ಒಂದು ತಪ್ಪು, ಮೂರೂ ಸೇರಿ ಸರಿ ಉತ್ತರದ ವೇಷ ಹಾಕಿಕೊಂಡಿದ್ದವು.

ಗಾಜಿಗೆ ಗ್ರೀಸ್ ಸವರಿ ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿದೆ. ಮರಳನ್ನು ಜರಡಿಯಿಂದ ಉದುರಿಸಿ ತುಂಬಿದೆ, ತಟ್ಟಲಿಲ್ಲ. ಹಾಳೆಗೆ ತಾಗಿಸಿ ಅಲ್ಲಲ್ಲಿ ರಂಗೋಲಿ ಪುಡಿಯ ಬಣ್ಣದ ಗೆರೆ ಹಾಕಿದೆ. ಹಾಳೆ ಗ್ರೀಸಿಗೆ ಅಂಟಿ ಸ್ವಲ್ಪ ಮಸುಕು, ಆದರೂ ಗೆರೆ ಕಾಣುತ್ತೆ.

ಗುಂಡಿ 18 ಆದಾಗ ತಗಡಿನ ತಲೆ 2 ಮಿ.ಮೀ. ಮುಂದೆ ಬಂದಿತ್ತು. 20ಕ್ಕೆ 6. 20.5ಕ್ಕೆ 11. 21ಕ್ಕೆ ಸರ‍್ರನೆ ಮಲಗಿತು. ಕೊನೆಯ ಎರಡು ಸೆಂಟಿಮೀಟರ್‌ನಲ್ಲಿ ಎಲ್ಲಾ ನಡೆಯುತ್ತೆ. ಒಂದು ಸೆಂಟಿಮೀಟರ್ ತೋಡಿದರೆ H ಒಂದು ಹೆಚ್ಚುತ್ತೆ, ಅದೇ ಹೊತ್ತಿಗೆ D ಒಂದು ಕಡಿಮೆ ಆಗುತ್ತೆ. ಎರಡು ಕಡೆಯಿಂದ ಪೆಟ್ಟು. ಸೈಟಿನಲ್ಲಿ ಜೆ.ಸಿ.ಬಿ. ಬಕೆಟ್ ಅರ್ಧ ಅಡಿ ಜಾಸ್ತಿ ಎತ್ತಿದರೆ ಯಾಕೆ ಹೆದರಬೇಕು ಅನ್ನುವುದು ಇಲ್ಲಿ ಬೆರಳಿನಷ್ಟು ಹತ್ತಿರ ಕಂಡಿತು.

21ಕ್ಕೂ 19.8ಕ್ಕೂ ನಡುವಿನ ಒಂದು ಚಿಲ್ಲರೆ ಸೆಂಟಿಮೀಟರ್ ನನಗೆ ಸಮಾಧಾನ. ರ‍್ಯಾಂಕಿನ್ ಗೋಡೆಯನ್ನು ನುಣುಪು ಅಂತ ಹಿಡಿಯುತ್ತಾನೆ, ತಗಡು ಅಷ್ಟು ನುಣುಪಿಲ್ಲ. ಆ ಒರಟು ಪ್ಯಾಸಿವ್ ಕಡೆ ಸಹಾಯ ಮಾಡುತ್ತೆ.

ಗೆರೆಗಳಲ್ಲಿ ಇನ್ನೊಂದು ಸಿಕ್ಕಿತು. ತುದಿ ಹಿಂದಕ್ಕೆ ಸರಿದಿತ್ತು. ತುದಿಯಿಂದ ಸುಮಾರು ಎರಡೂವರೆ ಸೆಂ.ಮೀ. ಮೇಲೆ ಇದ್ದ ಗೆರೆ ಮಾತ್ರ ಎತ್ತಲೂ ಕದಲಿಲ್ಲ. ಪೂರ್ತಿ ಲೆಕ್ಕದಲ್ಲಿ ಒತ್ತಡ ದಿಕ್ಕು ಬದಲಿಸುವ ಜಾಗ 20ರ ಗುಂಡಿಗೆ 2.4 ಸೆಂ.ಮೀ. ಅಂತ ಬಂದಿತ್ತು. ಈ ಸಲ ಕೆಂಪು ಗೆರೆ ಎಳೆಯಲಿಲ್ಲ, ಇನ್ನೆರಡು ಸಲ ಮಾಡಿ ನೋಡಿದೆ. ಅಲ್ಲೇ ಅಲ್ಲೇ ಇತ್ತು.

ಮೂರನೇ ಭಾನುವಾರ

ನೀರು. ಗುಂಡಿ 15ಕ್ಕೆ ನಿಲ್ಲಿಸಿದೆ, ಹೂತದ್ದು 21. ಒಣಗಿದ್ದಾಗ ಬಂಡೆಯ ಹಾಗೆ ನಿಲ್ಲುವ ಸ್ಥಿತಿ. ಹಿಂದಿನ ಮರಳಿಗೆ ಮಗ್‌ನಿಂದ ನೀರು ಹಾಕುತ್ತಾ ಹೋದೆ. ಮುಂದೆ ಗುಂಡಿಯ ಮಟ್ಟಕ್ಕಿಂತ ಮೇಲೆ ಬಂದದ್ದನ್ನು ಸ್ಪಂಜಿನಿಂದ ಎತ್ತಿದೆ.

ಇಲ್ಲಿ ತೂಕ ಹೊಡೆದು ಹೋಗುವ ಸುಖ ಇಲ್ಲ. ನೀರೊಳಗಿನ ಮರಳಿನ ತೂಕ ಹೆಚ್ಚುಕಮ್ಮಿ ನೀರಿನಷ್ಟೇ ಉಳಿಯುತ್ತೆ, ಹಾಗಾಗಿ ತಡೆ ಇಳಿಯಿತು. ಆದರೆ ನೀರಿನ ಒತ್ತಡಕ್ಕೆ 0.283ರ ರಿಯಾಯಿತಿ ಇಲ್ಲ, ಅದು ಪೂರ್ತಿ ಬೀಳುತ್ತೆ. ಹಿಂದೆ ಮೇಲಿನವರೆಗೂ ನೀರು, ಮುಂದೆ ಗುಂಡಿಯ ಮಟ್ಟದಲ್ಲಿ, ನಡುವೆ ತುದಿಯ ಹೊತ್ತಿಗೆ ವ್ಯತ್ಯಾಸ ಸೊನ್ನೆಗೆ ಇಳಿಯುತ್ತೆ ಅಂತ ಹಿಡಿದರೆ ಸರಳ ಲೆಕ್ಕದಲ್ಲೇ ಆಳ 0.76ರಿಂದ 1.7 ಪಟ್ಟಿಗೆ ಹಾರುತ್ತೆ. ನನ್ನದು 1.4. ಸಾಲದು.

ನೀರು ಇನ್ನೂ ಮೂರು ಸೆಂ.ಮೀ. ಕೆಳಗಿರುವಾಗಲೇ ಗೋಡೆ ಬಿತ್ತು. ಅದಕ್ಕೂ ಮುಂಚೆ ಗೋಡೆಯ ಮುಂದಿನ ಮರಳು ಗಂಜಿ ಕುದಿಯುವ ಹಾಗೆ ಸಣ್ಣಗೆ ಕದಲತೊಡಗಿತ್ತು. ತುದಿಯ ಕೆಳಗಿನಿಂದ ಸುತ್ತಿ ಬಂದ ನೀರು ಮೇಲಕ್ಕೆ ಹರಿದು ಮರಳನ್ನು ಹಗುರ ಮಾಡುತ್ತೆ. ತಡೆಯಬೇಕಾದ ಮರಳೇ ತೇಲಿದರೆ ಪ್ಯಾಸಿವ್ ತ್ರಿಕೋನ ಎಲ್ಲಿಂದ ಬರಬೇಕು? ಈ ಹರಿವನ್ನು ನನ್ನ 1.7 ಪೂರ್ತಿ ಹಿಡಿದಿಲ್ಲ. ಫೋಮ್ ಪಟ್ಟಿಯ ಪಕ್ಕದಿಂದಲೂ ಒಂದಿಷ್ಟು ನೀರು ನುಗ್ಗಿತ್ತು, ಹಾಗಾಗಿ ಈ ಓಟದ ಅಂಕಿಗಳನ್ನು ನಾನೇ ನಂಬಲ್ಲ. ಕುದಿತ ಮಾತ್ರ ಕಣ್ಣಲ್ಲಿ ಉಳಿದಿದೆ.

ಪಕ್ಕದ ಮನೆಯವರು ಹಿತ್ತಲ ಎರೆ ಮಣ್ಣು ಹಾಕಿ ನೋಡು ಅಂದರು. ಈ ಚಿತ್ರ ಅದಕ್ಕೆ ಆಗಲ್ಲ. ಎರೆಗೆ ಅಂಟು ಇದೆ, ಒಣಗಿದರೆ ಬಿರುಕು ಬಿಡುತ್ತೆ, ನೆಂದರೆ ಉಬ್ಬುತ್ತೆ. ಬಿರುಕಿನಲ್ಲಿ ಮಳೆ ನೀರು ನಿಂತರೆ ಅದರ ತ್ರಿಕೋನವೇ ಬೇರೆ. ಅದಕ್ಕೆ ಇನ್ನೊಂದು ತೊಟ್ಟಿ ಬೇಕು, ಮನೆಯಲ್ಲಿ ಅನುಮತಿಯೂ ಬೇಕು.

ಸದ್ಯಕ್ಕೆ ಮರಳು ಮತ್ತೆ ಟೆರೇಸಿನ ಮೇಲಿದೆ. ಫೋಮ್ ಬದಲು ಸೈಕಲ್ ಟ್ಯೂಬ್ ಸೀಳಿ ಅಂಚಿಗೆ ಹಾಕಿದ್ದೇನೆ. ಒಣಗಿದ ಮೇಲೆ ಅದೇ 15ರ ಗುಂಡಿ, ಅದೇ ನೀರು.