ತಮಿಳು ಕಾರ್ಡು: ಒಂದು ಳಕಾರಕ್ಕೆ ಮೂರು ವಾರ

ಕಾರ್ಡು ಕೊನೆಗೂ ಮುಗಿಯಿತು. ನನ್ನವಳ ತಂಗಿ ಮದುವೆಯಾಗಿ ಹತ್ತು ವರ್ಷ. ಅವರ ಮನೆಮಾತು ತಮಿಳು, ಆದ್ದರಿಂದ ಒಳಗಿನ ನಾಲ್ಕು ಸಾಲೂ ತಮಿಳಲ್ಲೇ ಇರಲಿ ಎಂದುಕೊಂಡೆ. ಮಡಿಕೆ, ಬಾರ್ಡರ್ ಎಲ್ಲ ಮಾಮೂಲಿ, ಬಿಡಿ. ಕೆನೆ ಬಣ್ಣದ ಕಾಗದ ಕೇಳಿದರೆ ಅಂಗಡಿಯವನು ಅರಿಶಿನ ಕಲಸಿದಂಥದ್ದು ಕಳಿಸಿದ. ಅದೂ ಇರಲಿ.

ತಲೆ ತಿಂದಿದ್ದು ಪ್ರಾಸ. ನಮ್ಮ ಆದಿಪ್ರಾಸವೇ ತಮಿಳಿನ ಎದುಗೈ: ಸಾಲುಗಳ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಮೊದಲಕ್ಷರದ ಸ್ವರ ಬೇರೆಯಾದರೂ ನಡೆಯುತ್ತದೆ, ಆದರೆ ಒಂದು ದೀರ್ಘವಾದರೆ ಇನ್ನೊಂದೂ ದೀರ್ಘವೇ ಆಗಬೇಕು. ಸುಲಭ ಅಲ್ವಾ? ಮೊದಲ ಸಾಲಿಗೆ ‘ತೋಳೋಡು’, ಎರಡನೆಯದಕ್ಕೆ ‘ವಾಳ್ವೆಲ್ಲಾಂ’ ಹಾಕಿದೆ. ನಮ್ಮ ತೋಳು, ನಮ್ಮ ಬಾಳು. ತಮಿಳು ಲಿಪಿಯಲ್ಲಿ ಬರೆದು ತೋರಿಸಿದೆ. ನನ್ನವಳು ಬಿದ್ದು ಬಿದ್ದು ನಕ್ಕಳು. “ವಾಳ್ ಅಂದ್ರೆ ಕತ್ತಿ. ಹತ್ತನೇ ವರ್ಷಕ್ಕೆ ಕತ್ತಿ ಯಾಕ್ರೀ?”

ತಪ್ಪು ನಮ್ಮ ಕಿವಿಯದು. ಹಳೆಗನ್ನಡದಲ್ಲಿ ಬಾಳು ‘ಬಾೞ್’ ಆಗಿತ್ತು, ತೋಳು ‘ತೋಳ್’. ಆಮೇಲೆ ನಮ್ಮಲ್ಲಿ ೞ ಹೋಯಿತು, ಇಲ್ಲಿ ಎರಡೂ ಳ ಆದವು. ತಮಿಳು ೞವನ್ನು ಉಳಿಸಿಕೊಂಡಿದೆ. ಅಕ್ಷರ ತಿದ್ದಿದೆ, ಕತ್ತಿ ಹೋಯಿತು, ಜೊತೆಗೆ ಪ್ರಾಸವೂ ಹೋಯಿತು! ಮಾತಿನಲ್ಲಿ ಎಷ್ಟೋ ತಮಿಳರೂ ೞವನ್ನು ಳ ಅಂತಾನೇ ಅನ್ನುತ್ತಾರೆ ಎಂದು ವಾದಿಸಿ ನೋಡಿದೆ. “ಕಾರ್ಡನ್ನ ಕಣ್ಣಲ್ಲಿ ಓದ್ತಾರೆ” ಅಂದಳು. ಅಲ್ಲಿಗೆ ಮುಗಿಯಿತು.

ಎರಡು ವಾರ ತೋಳಿಗೆ ಹೊಂದುವ ೞ ಹುಡುಕಿದೆ. ಇಲ್ಲದ್ದು ಎಲ್ಲಿಂದ ಸಿಗಬೇಕು? ಕೊನೆಗೆ ಅವೆರಡನ್ನೂ ಬೇರೆ ಮನೆ ಮಾಡಿಸಿದೆ. ಮೊದಲ ಜೋಡಿ ಸಾಲಿಗೆ ಳ, ಎರಡನೆಯದಕ್ಕೆ ೞ:

ತೋಳೋಡು ತೋಳಾಗ ನಡಂದೀರ್
ನಾಳೆಲ್ಲಾಂ ಅನ್ಬೋಡು ಇರುಂದೀರ್
ವಾೞ್ಗ ನೀಂಗಳ್ ನಲಮಾಗ
ಸೂೞ್ಗ ಇನ್ಬಂ ವಳಮಾಗ

ಹೆಗಲಿಗೆ ಹೆಗಲು ಕೊಟ್ಟು ನಡೆದಿರಿ, ದಿನವೂ ಪ್ರೀತಿಯಿಂದಿದ್ದಿರಿ, ಚೆನ್ನಾಗಿ ಬಾಳಿ, ಸುಖ ನಿಮ್ಮನ್ನು ತುಂಬಾ ಸುತ್ತಿಕೊಳ್ಳಲಿ. ಇಷ್ಟೇ ಅರ್ಥ. ಸಾಲಿನ ಕೊನೆಯ ಪ್ರಾಸ ಮಾತ್ರ ಪುಕ್ಕಟೆ ಸಿಕ್ಕಿತು. ಕ್ರಿಯಾಪದದ ‘ಈರ್’, ಆಮೇಲೆ ‘ಆಗ’, ತಮಿಳಲ್ಲಿ ಬೇಕಾದಷ್ಟಿವೆ. ಅದನ್ನೇ ನಂಬಿದರೆ ಪದ್ಯ ಬಸ್ಸಿನ ಬೋರ್ಡಿನ ಹಾಗೆ ಆಗುತ್ತದೆ. ಅದಕ್ಕೇ ಎದುಗೈಗೆ ಇಷ್ಟು ಒದ್ದಾಡಿದ್ದು.

ಇನ್ನು ಆ ಅರಿಶಿನ ಕಾಗದ. ಶಾಯಿ ಹರಡಿ ಸರಿಯಾಗಿ ೞದ ಬಾಲವೇ ಮುಚ್ಚಿಹೋಯಿತು. ಮೂರು ವಾರ ಒದ್ದಾಡಿ ಗಳಿಸಿದ ಅಕ್ಷರ! ಸಣ್ಣ ನಿಬ್ ಹಾಕಿ ಎರಡನೇ ಪ್ರತಿ ಬರೆದೆ.

ಡಿಸೆಂಬರಿಗೆ ಅತ್ತೆ ಮಾವನ ನಲವತ್ತನೇ ವರ್ಷ. ಅಲ್ಲಿ ‘ವಾೞ್ಗ’ ನಡೆಯುವುದಿಲ್ಲ. ಹರಸೋಕೆ ನಾನು ಚಿಕ್ಕವನು. ‘ವಾೞ್ತ್ತ ವಯದಿಲ್ಲೈ, ವಣಂಗುಗಿರೇನ್’ ಅನ್ನುತ್ತಾರಲ್ಲ, ಹರಸುವ ವಯಸ್ಸಿಲ್ಲ, ನಮಸ್ಕರಿಸುತ್ತೇನೆ ಅಂತ, ಅದೇ ದಾರಿ. ‘ವಣಂಗು’ ಜೊತೆಗೆ ತುಣೈ, ಮಣಂ, ಗುಣಂ ಆಗಲೇ ಸಿಕ್ಕಿವೆ. ಮೂರರಲ್ಲೂ ಮೊದಲಕ್ಷರ ಹ್ರಸ್ವ, ಎರಡನೆಯದು ಣ. ಕಾಗದ ಮಾತ್ರ ಈ ಸಲ ಕೈಯಲ್ಲಿ ಮುಟ್ಟಿ ನೋಡಿಯೇ ತರುತ್ತೇನೆ.